ತೋಟದ ಸ್ಟೋರಿಗೆ ಮೊದಲ ಸ್ಟಾಕ್ ಶೀಟ್: ಯಾವ ಕಾಲಂ ಇಡಲಿ, ಯಾವುದು ಬಿಡಲಿ?

ಮೂಡಿಗೆರೆ ತೋಟ
ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಸ್ಟೋರಿನ ಸಾಮಾನಿಗೆ ಗೂಗಲ್ ಶೀಟ್ ಮಾಡಿದ್ದೇನೆ. ಕಾಲಂಗಳು: ತಾರೀಖು, ಸಾಮಾನು, ಕಂಪನಿ, ಅಂಗಡಿ, ಬಿಲ್ ನಂಬರ್, ರೇಟು, ಜಿಎಸ್‌ಟಿ, ಬಂದದ್ದು, ಹೋದದ್ದು, ಉಳಿದದ್ದು, ಇಟ್ಟ ಜಾಗ, ಫೋಟೊ, ಷರಾ. ತುಂಬುವವರು ನಮ್ಮ ರೈಟರ್, ಅದೂ ಮೊಬೈಲಿನಲ್ಲಿ. ಅರ್ಧಕ್ಕರ್ಧ ಖಾಲಿ ಬಿಡುತ್ತಾರೆ. ಅದಿರಲಿ, ಯೂರಿಯ ಉಳಿದದ್ದು -1 ಅಂತ ತೋರಿಸುತ್ತಿದೆ, ಸ್ಟೋರಿಗೆ ಹೋಗಿ ನೋಡಿದರೆ ಚೀಲಗಳು ಹಾಗೇ ಇವೆ! 20 ಬಂತು, 6 ಹೋಯಿತು, ಆಮೇಲೆ 15 ಹೋಯಿತು. ಇನ್ನೂ ಯಾವ ಕಾಲಂ ಸೇರಿಸಬೇಕು?

ಬೇಲೂರಿನವನು
ಅಳತೆ ಕಾಲಂ ಇಲ್ವಲ್ಲ ಸರ್. ಪ್ರತಿ ಸಾಲಿನಲ್ಲೂ ಚೀಲವೋ ಕೆಜಿಯೋ ಬರೆಸಿ, ಸರಿಹೋಗುತ್ತದೆ.

ಹಾಸನ ಸ್ಟೋರ್‌ಕೀಪರ್
ಬೇಲೂರಿನವರು ಹಿಡಿದ ಜಾಗ ಸರಿ, ಮದ್ದು ಸರಿಯಿಲ್ಲ. 20 ಮತ್ತು 6 ಚೀಲ, 15 ಮಾತ್ರ ಬಿಡಿ ಕೆಜಿ, ಅಲ್ವಾ? ಪಕ್ಕದಲ್ಲಿ ಏನೇ ಬರೆದರೂ ಕೂಡುವಾಗ ಶೀಟ್ ಅದನ್ನು ಓದುವುದಿಲ್ಲ, ಅಂಕಿ ಮಾತ್ರ ನೋಡುತ್ತದೆ. ಅಳತೆ ಸಾಲಿಗೊಂದು ಇರಬಾರದು, ಸಾಮಾನಿಗೊಂದು ಇರಬೇಕು. ಬಿಡಿಯಾಗಿ ತೂಗಿ ಕೊಡುವ ಸಾಮಾನಾದರೆ ಕೆಜಿಯಲ್ಲೇ ಇಡಿ. ಯೂರಿಯ ಚೀಲ ಈಗ 45 ಕೆಜಿ, ಪೊಟ್ಯಾಷ್ 50, ಹಾಗಾಗಿ ಚೀಲದ ಲೆಕ್ಕ ಹೇಗೂ ಎಡವುತ್ತದೆ. ನಿಮ್ಮದು 900 ಬಂತು, 270 ಹೋಯಿತು, 15 ಹೋಯಿತು, ಉಳಿದದ್ದು 615. ಅಂದರೆ 13 ತುಂಬಿದ ಚೀಲ, ಒಂದು ಬಿಚ್ಚಿದ ಚೀಲದಲ್ಲಿ 30 ಕೆಜಿ. ಹೋಗಿ ನೋಡಿ.

ಎರಡು ಹಾಳೆ ಮಾಡಿ. `Items` ಹಾಳೆಯಲ್ಲಿ ಸಾಮಾನು, ಅಳತೆ, ಉಳಿದದ್ದು, ಅಷ್ಟೇ. `Log` ಹಾಳೆಯಲ್ಲಿ ತಾರೀಖು, ಸಾಮಾನು, ಬಂದದ್ದು, ಹೋದದ್ದು, ಯಾವ ಬ್ಲಾಕಿಗೆ. ಉಳಿದದ್ದನ್ನು ಯಾರೂ ಕೈಯಲ್ಲಿ ಬರೆಯಕೂಡದು. `Items` ಹಾಳೆಯ C2ನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=SUMIFS(Log!C:C,Log!B:B,A2)-SUMIFS(Log!D:D,Log!B:B,A2)
```

ಎಣಿಸಿದಾಗ ವ್ಯತ್ಯಾಸ ಬಂದರೂ ಸೂತ್ರ ಅಳಿಸಬೇಡಿ, `Log`ನಲ್ಲಿ ಒಂದು ಸಾಲು ಹಾಕಿ, ಬ್ಲಾಕಿನ ಜಾಗದಲ್ಲಿ ‘ಎಣಿಕೆ’ ಅಂತ ಬರೆಯಿರಿ. ಇಲ್ಲದಿದ್ದರೆ ಎಷ್ಟು ಕಡಿಮೆಯಾಗುತ್ತಿದೆ ಅಂತ ಮುಂದೆ ಗೊತ್ತೇ ಆಗುವುದಿಲ್ಲ.

ಅರಸೀಕೆರೆ ಔಷಧಿ ಅಂಗಡಿ
ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲಿ? ಅವೆರಡೂ ಇಲ್ಲದೆ ಸ್ಟಾಕ್ ಶೀಟ್ ಅಂತ ಕರೆಯಲೇಬಾರದು. ನಮ್ಮ ಅಂಗಡಿಯಲ್ಲಿ ಮೊದಲ ಕಾಲಂ ಅದೇ.

ಹಾಸನ ಸ್ಟೋರ್‌ಕೀಪರ್
ನಿಮ್ಮ ಅಂಗಡಿಗೆ ಅದು ಬೇಕೇ ಬೇಕು ಸರ್. ಇಲ್ಲಿ ಸುಣ್ಣ, ಗೊಬ್ಬರ, ಪೆಟ್ರೋಲ್ ಜಾಸ್ತಿ. ಎಕ್ಸ್‌ಪೈರಿ ನೋಡಬೇಕಾದ್ದು ಕೀಟನಾಶಕದ ಡಬ್ಬಿಗಳಿಗೆ. ಅದನ್ನು `Items`ನಲ್ಲಿ ಹಾಕಿದರೆ ಕೆಲಸಕ್ಕೆ ಬರುವುದಿಲ್ಲ, ಒಂದೇ ಔಷಧಿಯ ಎರಡು ಡಬ್ಬಿಗೆ ಎರಡು ತಾರೀಖು ಇರುತ್ತದೆ. ಆ ಕೆಲವು ಡಬ್ಬಿಗೆ ಬೇರೆ ಸಣ್ಣ ಹಾಳೆ, ಡಬ್ಬಿಗೊಂದು ಸಾಲು.

ಮೂಡಿಗೆರೆ ತೋಟ
615 ಬಂತು! ಬಿಚ್ಚಿದ ಚೀಲವೂ ಸಿಕ್ಕಿತು. ಆದರೆ ಅಪ್ಪ ರೇಟು ಬೇಕೇ ಬೇಕು ಅನ್ನುತ್ತಿದ್ದಾರೆ. ಇನ್ನೊಂದು, ಮೈಲುತುತ್ತ 50 ಕೆಜಿ ತಂದದ್ದು `Log`ನಲ್ಲಿದೆ, `Items`ನಲ್ಲಿ 0.

ಹಾಸನ ಸ್ಟೋರ್‌ಕೀಪರ್
ರೈಟರ್ ‘ಕಾಪರ್ ಸಲ್ಫೇಟ್’ ಅಂತ ಬರೆದಿರುತ್ತಾರೆ, ನೋಡಿ. ನಮಗೆ ಎರಡೂ ಒಂದೇ, ಸೂತ್ರಕ್ಕೆ ಬೇರೆ ಬೇರೆ. `Log`ನ ಸಾಮಾನು ಕಾಲಂ ಆರಿಸಿ, ಕಂಪ್ಯೂಟರಿನಲ್ಲಿ `Data` ಮೆನುವಿನ `Data validation`ಗೆ ಹೋಗಿ `Items`ನ ಹೆಸರುಗಳನ್ನೇ ಡ್ರಾಪ್‌ಡೌನ್ ಮಾಡಿ. ರೈಟರ್ ಟೈಪ್ ಮಾಡುವುದೇ ಬೇಡ, ಆರಿಸಿದರೆ ಸಾಕು.

ರೇಟು ಬಿಲ್ಲಿನಲ್ಲೇ ಇದೆ. ಸ್ಟೋರಿನಿಂದ ಚೀಲ ಹೊರಡುವಾಗ ರೇಟು ನೋಡಿ ಯಾರೂ ಏನೂ ತೀರ್ಮಾನ ಮಾಡುವುದಿಲ್ಲ, ನಾನಾದರೆ ಬಿಡುತ್ತೇನೆ. ಬ್ಲಾಕ್ ಹಾಗಲ್ಲ. ಯಾವ ಬ್ಲಾಕಿಗೆ ಗೊಬ್ಬರ ಬಿದ್ದಿಲ್ಲ ಅಂತ ಅದನ್ನು ನೋಡಿಯೇ ಮುಂದಿನ ಕೆಲಸ ಹಚ್ಚುತ್ತೀರಿ.

ಬೇಲೂರಿನವನು
ಬಿಲ್ ನಂಬರ್ ಆದರೂ ಇರಲಿ ಸರ್. ಅಂಗಡಿಯವರ ಜೊತೆ ಲೆಕ್ಕ ಕೂಡದಿದ್ದಾಗ ಬಿಲ್ ಹುಡುಕುವುದು ಹೇಗೆ?

ಹಾಸನ ಸ್ಟೋರ್‌ಕೀಪರ್
ತಾರೀಖು ಇದೆಯಲ್ಲ, ಆ ದಿನದ ಬಿಲ್ ತೆಗೆದರೆ ಆಯಿತು. ಆದರೂ ಸಾಲ ಬರೆಸುವ ಅಂಗಡಿಯಾದರೆ ನಿಮ್ಮ ಮಾತು ತೆಗೆದುಹಾಕುವ ಹಾಗಿಲ್ಲ.

ಮೂಡಿಗೆರೆ ತೋಟ
ಹೌದು, ಹೆಸರೇ ಬೇರೆ ಇತ್ತು. ಈಗ 50 ಬಂತು. ಕನಿಷ್ಠ ಸ್ಟಾಕ್ ಅಂತ ಒಂದು ಕಾಲಂ ಇಡಲೇ? ಬೋರ್ಡೋಗೆ 200 ಲೀಟರ್ ಡ್ರಮ್ಮಿಗೆ ಮೈಲುತುತ್ತ 2 ಕೆಜಿ. 40 ಡ್ರಮ್ ಹೊಡೆಯಬೇಕು ಅಂದರೆ 80 ಕೆಜಿ, ಅದೂ ಮಳೆಗೆ ಮುಂಚೆ. ಮಿಕ್ಕ ದಿನಗಳಲ್ಲಿ 5 ಕೆಜಿ ಇದ್ದರೂ ನಡೆಯುತ್ತದೆ. ಇಂಥದಕ್ಕೆ ಒಂದೇ ಅಂಕಿ ಹೇಗೆ ಹಾಕುತ್ತೀರಿ?