ಸಹಾಯ ಬೇಕು: ಹಳೇ ಕಟ್ಟಡ ಒಡೆದ ತ್ಯಾಜ್ಯದ ಲೆಕ್ಕ ಹೇಗೆ ಇಡೋದು?

ನಮಸ್ಕಾರ. ಬೆಂಗಳೂರಿನಲ್ಲಿ ಹಳೇ ಕ್ವಾರ್ಟರ್ಸ್ ಒಡೆದು ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ ತ್ಯಾಜ್ಯ ನಿರ್ವಹಣೆ ಪ್ಲಾನ್ ಬರೆಯುತ್ತಿದ್ದೇನೆ. ಒಡೆಯುವ ಜಾಗ 1,200 ಚದರ ಮೀಟರ್. ಚದರ ಮೀಟರಿಗೆ 400 ಕಿಲೋ ಹಿಡಿದರೆ 480 ಟನ್ ಆಗುತ್ತದೆ. 2016ರ ನಿಯಮದಲ್ಲಿ ತಿಂಗಳಿಗೆ 300 ಟನ್ ದಾಟಿದರೆ ಕಾಂಕ್ರೀಟ್, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ-ಪ್ಲಾಸ್ಟಿಕ್ ಎಲ್ಲ ಬೇರೆ ಬೇರೆ ಇಡಬೇಕು ಅಂತಿತ್ತಲ್ವಾ, ಹಾಗೇ ವಿಂಗಡಿಸುತ್ತಿದ್ದೇವೆ.

ಕಿಟಕಿ, ಬಾಗಿಲು, ಕಬ್ಬಿಣ ಮೊದಲೇ ಬಿಚ್ಚಿಸಿದ್ದೇವೆ. ಫಾಲ್ಸ್ ಸೀಲಿಂಗಿನ ಪಿಒಪಿಯನ್ನೂ ಮೊದಲೇ ಕೆಡವಿಸಿದ್ದೇವೆ. ಜೆಸಿಬಿ ಬಂದ ಮೇಲೆ ಅದು ಇಟ್ಟಿಗೆ ಚೂರಿನೊಳಗೆ ಬಿಳಿ ಪುಡಿಯಾಗಿ ಸೇರಿದರೆ ಆರಿಸೋಕೆ ಆಗಲ್ಲ. ಅದರಲ್ಲಿರುವ ಸಲ್ಫೇಟ್ ಮುಂದೆ ಕಾಂಕ್ರೀಟಿಗೆ ಕೆಟ್ಟದ್ದು. ಶೆಡ್ಡಿನ ಆಸ್ಬೆಸ್ಟಾಸ್ ಶೀಟ್ ಒಡೆಯದೆ ಪ್ರತ್ಯೇಕವಾಗಿ ಇಟ್ಟಿದ್ದೇವೆ.

ತೊಂದರೆ ಇರೋದು ದಾಖಲೆಯಲ್ಲಿ. ಸುಮಾರು 160 ಟನ್ ಇಟ್ಟಿಗೆ ಚೂರನ್ನು ಪ್ಲಿಂತ್ ಒಳಗೆ ತುಂಬಬೇಕೆಂದಿದ್ದೇವೆ. ಉಳಿದ 320 ಟನ್‌ಗೆ ವೇಬ್ರಿಡ್ಜ್ ಚೀಟಿ ಸಿಗಬೇಕು. ಆದರೆ ಕಂಟ್ರಾಕ್ಟರ್ ಬರೀ ಲೋಡ್ ಎಣಿಸಿ ಕೊಡುತ್ತಾರೆ. ಒಂದೇ ಟಿಪ್ಪರಿನಲ್ಲಿ ಒದ್ದೆ ಮಣ್ಣು ತುಂಬಿದರೆ ಒಂದು ತೂಕ, ಇಟ್ಟಿಗೆ ಚೂರು ತುಂಬಿದರೆ ಇನ್ನೊಂದು. ಲೋಡ್ ಲೆಕ್ಕದಿಂದ ಟನ್ ಹೇಳೋದು ನನಗೆ ಸರಿ ಅನ್ನಿಸುತ್ತಿಲ್ಲ.

ತಿಳಿದವರು ಎರಡು ವಿಷಯ ಹೇಳಿ. ಸೈಟಿನಲ್ಲೇ ತುಂಬಿದ ಚೂರನ್ನು ಸಡಿಲ ರಾಶಿಯಲ್ಲೇ ಅಳೆಯುತ್ತೀರಾ, ದಮ್ಮಸು ಹೊಡೆದ ಮೇಲಾ? ವಾಹನ ನಂಬರ್, ಯಾವ ತ್ಯಾಜ್ಯ, ಖಾಲಿ ಮತ್ತು ತುಂಬಿದ ತೂಕ, ಮರುಬಳಕೆ ಘಟಕದ ಸ್ವೀಕೃತಿ ಎಲ್ಲ ಒಂದೇ ಸಾಲಿನಲ್ಲಿ ಬರುವ ರಿಜಿಸ್ಟರ್ ನಮೂನೆ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಾಕಿ.