ಸಹಾಯ ಬೇಕು: ಬಡ್ತಿ ಮಾತುಕತೆಗೆ ವರ್ಷದ ಕೆಲಸದ ಪುರಾವೆ

ಪುಣೆಯ ಕನ್ನಡಿಗರಿಗೆ ನಮಸ್ಕಾರ. ಹಿಂಜೆವಾಡಿಯ ಒಂದು ಕಂಪನಿಯಲ್ಲಿ ಸಪೋರ್ಟ್ ಟೀಮ್‌ನಲ್ಲಿದ್ದೇನೆ. ಮಾರ್ಚ್ ಕೊನೆಗೆ ಬಡ್ತಿಯ ಮಾತುಕತೆ ಇದೆ. ಮ್ಯಾನೇಜರ್‌ಗೆ ಜನವರಿಯಿಂದ ಈಚೆಗಿನದು ಮಾತ್ರ ನೆನಪಿರುತ್ತೆ, ಅದು ಎಲ್ಲ ಕಡೆ ಇದ್ದದ್ದೇ ಅಲ್ವಾ? ನನ್ನ ಮುಖ್ಯ ಕೆಲಸ ಆಗಿದ್ದು ಮೇ ತಿಂಗಳಲ್ಲಿ.

ರಾತ್ರಿ ಬಿಲ್ ಅಪ್‌ಲೋಡ್ ಆಗುವ ಜಾಬ್ ಆಗಾಗ ಅರ್ಧಕ್ಕೇ ನಿಲ್ಲುತ್ತಿತ್ತು. ಅದು ತಾನೇ ಮತ್ತೆ ಶುರುವಾಗುವ ಹಾಗೆ ಮಾಡಿದೆ. ಟಿಕೆಟ್ ಟೂಲ್‌ನಿಂದ ತಿಂಗಳವಾರು ಲೆಕ್ಕ ತೆಗೆದೆ. ಏಪ್ರಿಲ್‌ನಲ್ಲಿ 42 ಟಿಕೆಟ್, ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ 15ರ ಆಸುಪಾಸು, ಅಕ್ಟೋಬರ್‌ನಿಂದ 6. ಆದರೆ ಸೆಪ್ಟೆಂಬರ್‌ನಲ್ಲಿ ಬೇರೆ ಟೀಮ್ ಸರ್ವರ್ ಬದಲಾಯಿಸಿತು. ಹಾಗಾಗಿ 42ರಿಂದ 6ಕ್ಕೆ ಇಳಿಸಿದ್ದು ನಾನೇ ಅಂದರೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಆಗಸ್ಟ್‌ವರೆಗಿನ ಇಳಿಕೆಯನ್ನಷ್ಟೇ ನನ್ನದು ಅಂತ ಬರೆಯೋಣ ಅಂದುಕೊಂಡಿದ್ದೇನೆ. ಟಿಕೆಟ್‌ಗೆ ಅರ್ಧ ಗಂಟೆ ಹಿಡಿದರೂ ತಿಂಗಳಿಗೆ ಸುಮಾರು 13.5 ಗಂಟೆ ಉಳಿದಿದೆ. ಏಪ್ರಿಲ್ ಒಂದನ್ನೇ ಆಧಾರ ಮಾಡಿಕೊಂಡರೆ ಸಾಕಾ, ಅಥವಾ ಹಿಂದಿನ ವರ್ಷದ ಜೂನ್–ಆಗಸ್ಟ್ ಲೆಕ್ಕವನ್ನೂ ಪಕ್ಕದಲ್ಲಿ ಇಡಬೇಕಾ? ಏಪ್ರಿಲ್‌ನಲ್ಲಿ ವರ್ಷಾಂತ್ಯದ ಬಿಲ್‌ಗಳ ಗಲಾಟೆ ಜಾಸ್ತಿ.

ಇನ್ನೊಂದು ತೊಂದರೆ. ಮುಂಬೈ ಆಫೀಸಿನ ಅಕೌಂಟ್ಸ್ ಮೇಡಂ ಆಗ ಚಾಟ್‌ನಲ್ಲಿ, "ಈಗ ಬೆಳಿಗ್ಗೆ ಬೇಗ ಬರೋದು ತಪ್ಪಿತು" ಅಂತ ಬರೆದಿದ್ದರು. ನಮ್ಮಲ್ಲಿ ಹಳೆಯ ಚಾಟ್ ತಾನಾಗಿ ಅಳಿಸಿ ಹೋಗುತ್ತೆ, ಅದೂ ಹೋಯಿತು. ಈಗ ಅವರ ಹತ್ತಿರ ಎರಡು ಸಾಲಿನ ಮೇಲ್ ಕೇಳಿದರೆ ತಪ್ಪಾಗುತ್ತಾ? "ಚೆನ್ನಾಗಿ ಮಾಡಿದ್ದಾರೆ" ಅನ್ನೋ ಹೊಗಳಿಕೆ ಬೇಡ, ಮೊದಲು ಏನಾಗುತ್ತಿತ್ತು, ಈಗ ಏನಾಗುತ್ತಿದೆ ಅನ್ನೋದು ಸಾಕು.

ಬಡ್ತಿ ಕಮಿಟಿಯಲ್ಲಿ ಕೂತವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.