ಹತ್ತೊಂಬತ್ತು ವರ್ಷದ ಮಗನಿಗೆ ‘ಶಿಶುಪಾಲನಾ ರಜೆ’ ಅನ್ನಬಹುದಾ?

ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮಗನಿಗೆ 19 ವರ್ಷ, ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಶೇ. 75 ಅಂತ ಇದೆ. ಸೊಂಟದ ಕೀಲಿನ ಆಪರೇಷನ್ ಆಗಬೇಕು. ಜೂನ್ 2ರಿಂದ ಜುಲೈ 16ರವರೆಗೆ 45 ದಿನ ರಜೆ ಕೇಳುತ್ತಿದ್ದೇನೆ. ನಮೂನೆ ಇಂಗ್ಲಿಷ್‌ನಲ್ಲಿದೆ, ಜೊತೆಗೆ ಇಡುವ ಪತ್ರಗಳನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಚೈಲ್ಡ್ ಕೇರ್ ಲೀವ್‌ಗೆ ಎಲ್ಲರೂ ‘ಶಿಶುಪಾಲನಾ ರಜೆ’ ಅಂತಾರೆ. ಮೀಸೆ ಬಂದ ಹುಡುಗನನ್ನು ಶಿಶು ಅಂತ ಬರೆಯೋಕೆ ಕೈ ಬರ್ತಿಲ್ಲ. ಮಗ ನನ್ನನ್ನೇ ಅವಲಂಬಿಸಿದ್ದಾನೆ ಅನ್ನೋದಕ್ಕೆ ‘ಅವಲಂಬನೆ ಪ್ರಮಾಣಪತ್ರ’ ಅಂತ ಬರೆದೆ. ಅದನ್ನು ನೋಡಿ, ತಹಶೀಲ್ದಾರರಿಂದ ತನ್ನಿ ಅಂತ ಕಳಿಸಿದರು. ಇನ್ನು ದಿನದ ವೇಳಾಪಟ್ಟಿ. ಅದರಲ್ಲಿ ‘ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು’ ಅಂತ ಇತ್ತು. ಅದನ್ನು ಹೊಡೆದು ‘ಭಂಗಿ ಬದಲಾವಣೆ’ ಅಂತ ತಿದ್ದಿದ್ದಾರೆ. ಯಾವುದು ಸರಿ?

ಶಾಲಾ ಶಿಕ್ಷಕಿ, ತುಮಕೂರು: ಮೇಡಂ, ಪದದ ಚಿಂತೆ ಆಮೇಲೆ. ಹದಿನೆಂಟು ದಾಟಿದ್ದರೆ ಈ ರಜೆ ಬರೋದೇ ಇಲ್ಲ. ಪೂರ್ತಿ ಸರ್ವೀಸಿಗೆ 180 ದಿನ ಅಷ್ಟೇ. ನಾನು ತಗೊಂಡಿದ್ದೇನೆ, ಗೊತ್ತು.

ನಿವೃತ್ತ ಲೆಕ್ಕಾಧಿಕಾರಿ, ಮೈಸೂರು: ಟೀಚರ್ ಹೇಳ್ತಿರೋದು ರಾಜ್ಯ ಸರ್ಕಾರದ 2021ರ ಆದೇಶ. ಈ ತಾಯಿಗೆ ಅನ್ವಯಿಸೋದು ಕೇಂದ್ರದ ರಜೆ ನಿಯಮ 43-ಸಿ. ಅಲ್ಲಿ ಒಟ್ಟು 730 ದಿನ. ಮಾಮೂಲಿ ಮಕ್ಕಳಿಗೆ 18ರ ಮಿತಿ ಇದೆ. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇದ್ದರೆ ವಯಸ್ಸಿನ ಮಿತಿ ಇಲ್ಲ. ಮೊದಲು 22 ಅಂತಿತ್ತು, 2018ರಲ್ಲಿ ಅದನ್ನು ತೆಗೆದರು. ಹಾಗಾಗಿ ‘ಶಿಶು’ ಅನ್ನೋ ಪದ ಸುಮ್ನೆ ಕಿರಿಕಿರಿ ಮಾತ್ರ ಅಲ್ಲ. ಮೇಜಿನ ಆ ಕಡೆ ಕೂತವರು ಅದನ್ನು ನೋಡಿಯೇ ವಯಸ್ಸು ಕೇಳ್ತಾರೆ. ‘ಮಕ್ಕಳ ಆರೈಕೆ ರಜೆ, ನಿಯಮ 43-ಸಿ’ ಅಂತ ಬರೆಯಿರಿ. ಎಷ್ಟೇ ವಯಸ್ಸಾದರೂ ಅವನು ನಿಮ್ಮ ಮಕ್ಕಳಲ್ಲಿ ಒಬ್ಬ, ಅಲ್ವಾ?

ನಿಮ್ಮನ್ನು ಅಲೆಸಿದ ಪದ ಅಂದ್ರೆ ‘ಪ್ರಮಾಣಪತ್ರ’. ನಮ್ಮ ಕಡೆ ಆ ಪದ ಕೇಳಿದರೆ ನಾಡಕಚೇರಿ, ಸೀಲು, ಸಹಿಯೇ ಕಣ್ಣ ಮುಂದೆ ಬರೋದು. ಅಂಗವೈಕಲ್ಯದ ಪತ್ರ ವೈದ್ಯಕೀಯ ಪ್ರಾಧಿಕಾರದ್ದೇ ಆಗಬೇಕು, ಅದನ್ನು ಪ್ರಮಾಣಪತ್ರ ಅನ್ನಿ. ಅವಲಂಬನೆಯದ್ದು ಹಾಗಲ್ಲ. ಅದನ್ನು ನೌಕರರೇ ಬರೆದುಕೊಡೋದು. ‘ಅವಲಂಬನೆ ಕುರಿತು ನೌಕರರ ಘೋಷಣೆ’ ಅಂತ ತಲೆಬರಹ ಕೊಡಿ, ಕೆಳಗೆ ನಿಮ್ಮದೇ ಸಹಿ ಹಾಕಿ.

ವೇಳಾಪಟ್ಟಿಯನ್ನು ನಿಯಮ ಕೇಳೋದಿಲ್ಲ. ಆದರೆ ಈ ರಜೆಯನ್ನು ಹಕ್ಕು ಅಂತ ಕೇಳೋಕೆ ಬರಲ್ಲ, ಮಂಜೂರಾಗಬೇಕು. 45 ದಿನ ಯಾಕೆ ಅನ್ನೋದು ಆ ಹಾಳೆಯಲ್ಲಿ ಕಾಣಲಿ.

ಅಂಚೆ ನೌಕರ, ರಾಯಚೂರು: ಸರ್, ನಂಗೂ ಅಂಥದೇ ಮಗಳಿದ್ದಾಳೆ. ಹೆಂಡತಿಗೆ ಬೆನ್ನುನೋವು, ಎತ್ತಿ ಕೂರಿಸೋದು ನಾನೇ. ‘ಸಿಂಗಲ್ ಮೇಲ್’ ಅಲ್ಲ ಅಂತ ನನಗೆ ಕೊಡಲಿಲ್ಲ. ಅದಕ್ಕೆ ಕನ್ನಡದಲ್ಲಿ ಏನಂತಾರೆ?

ಲೆಕ್ಕಾಧಿಕಾರಿ: ಮದುವೆಯಾಗದವರು, ಹೆಂಡತಿ ತೀರಿಕೊಂಡವರು, ವಿಚ್ಛೇದನ ಆದವರು, ಮೂವರೂ ಅದರಲ್ಲಿ ಬರ್ತಾರೆ. ‘ಒಂಟಿ ತಂದೆ’ ಅನ್ನಬಹುದು. ಆದರೆ ನಿಮ್ಮಂಥವರು ಅದರಲ್ಲಿ ಸೇರಲ್ಲ ತಮ್ಮಾ. ನಿಯಮ ಇರೋದೇ ಹಾಗೆ.

ರಾಯಚೂರು: ಮನೇಲಿ ಹೆಂಡತಿ ಇದ್ದರೂ ಆರೈಕೆಗೆ ನಾನೊಬ್ಬನೇ. ಅದಕ್ಕೊಂದು ಪದ ಬೇಕಲ್ಲ ಸರ್.

ಫಿಸಿಯೋಥೆರಪಿಸ್ಟ್, ಧಾರವಾಡ: ‘ಮಗ್ಗುಲು ಬದಲಿಸುವುದು’ ಅಂತಲೇ ಇಡಿ ಅಕ್ಕ. ಭಂಗಿ ಅಂದ್ರೆ ಯೋಗಾಸನ ನೆನಪಾಗುತ್ತೆ. ಪ್ಲಾಸ್ಟರ್ ಹಾಕಿ ಮಲಗಿಸಿದ ಹುಡುಗನ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತೆ. ಓದಿದವರಿಗೆ ಅದು ಅರ್ಥ ಆಗಬೇಕು. ಜುಲೈ ಆದಮೇಲೂ ವಾರಕ್ಕೆರಡು ದಿನ ವ್ಯಾಯಾಮ ಬೇಕಾಗಬಹುದು, ಅದನ್ನೂ ಇದೇ ಅರ್ಜಿಯಲ್ಲಿ ಸೇರಿಸಿ.

ಲೆಕ್ಕಾಧಿಕಾರಿ: ಬೇಡ, ಅದು ಆಗಲ್ಲ. ಒಂದು ಸಲಕ್ಕೆ ಕನಿಷ್ಠ 5 ದಿನ ತಗೋಬೇಕು, ವರ್ಷಕ್ಕೆ ಮೂರೇ ಸಲ. ಬಿಡಿ ದಿನಗಳಿಗೆ ಸಿ.ಎಲ್. ಇಟ್ಟುಕೊಳ್ಳಿ. ಅಂದಹಾಗೆ ನಡುವಿನ ಭಾನುವಾರಗಳೂ ಲೆಕ್ಕಕ್ಕೆ ಬರ್ತವೆ, 45 ಅಂದ್ರೆ ಪೂರ್ತಿ 45.

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಕೂತು ಮತ್ತೆ ಬರೆದೆ. ಘೋಷಣೆ ಹೀಗಿದೆ: ‘ನನ್ನ ಮಗ ಊಟ, ಸ್ನಾನ, ಶೌಚ, ಓಡಾಟಕ್ಕೆ ಸಂಪೂರ್ಣವಾಗಿ ನನ್ನನ್ನು ಅವಲಂಬಿಸಿದ್ದಾನೆ.’ ‘ವೇಳಾಪಟ್ಟಿ’ ಬಸ್‌ಸ್ಟ್ಯಾಂಡಿನ ಬೋರ್ಡಿನ ಹಾಗೆ ಕಂಡಿತು, ಅದಕ್ಕೆ ‘ದಿನಚರಿ’ ಅಂತ ಹಾಕಿದೆ. ಬೆಳಗ್ಗೆ 6ಕ್ಕೆ ಫಿಟ್ಸ್ ಮಾತ್ರೆ ಪುಡಿ ಮಾಡಿ ಕೊಡುವುದು. 8ಕ್ಕೆ ಇಡ್ಲಿ ನುಣ್ಣಗೆ ಕಿವುಚಿ ತಿನ್ನಿಸುವುದು, ಅದಕ್ಕೇ 40 ನಿಮಿಷ. ರಾತ್ರಿ 12, 2 ಮತ್ತು 4ಕ್ಕೆ ಮಗ್ಗುಲು ಬದಲಿಸುವುದು. ತಿದ್ದಿದ ಜಾಗದಲ್ಲಿ ಅದೇ ಪದ ಮತ್ತೆ ಬರೆದಿದ್ದೇನೆ. ಸೋಮವಾರ ಕೊಡುತ್ತೇನೆ. ರಾಯಚೂರಿನ ಅಣ್ಣನಿಗೆ ಬೇಕಾದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.